ಡಿಎಂಗೆ ಕರೆಯುವ ಮೊದಲು ಎಲ್ಲರೆದುರು ಏನು ಹೇಳಬೇಕು?

ಪ್ರಶ್ನೆ: ಒಂದು ಟೆಲಿಕಾಂ ಕಂಪನಿಯ ಎಕ್ಸ್ ಮತ್ತು ಫೇಸ್‌ಬುಕ್ ಪೇಜ್‌ಗಳಿಗೆ ಕನ್ನಡದಲ್ಲಿ ಬರುವ ದೂರುಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ಸೇರಿ ಕೆಲವೇ ತಿಂಗಳಾಗಿದೆ. ಮೊನ್ನೆ ಒಬ್ಬರು, ‘ಬೆಳಿಗ್ಗೆಯಿಂದ ನನ್ನ ಸಿಮ್ ಸತ್ತಿದೆ, ಮನೆಯವರೆಲ್ಲರ ಫೋನ್ ಸರಿ ಇದೆ’ ಎಂದು ತಮ್ಮ ನಂಬರ್ ಸಮೇತ ಪೋಸ್ಟ್ ಹಾಕಿದ್ದರು. ನಾನು, ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ನಿಮ್ಮ ವಿವರಗಳನ್ನು ಡಿಎಂ ಮಾಡಿ’ ಎಂದು ಬರೆದೆ. ಅವರು, ‘ನಂಬರ್ ಹಾಕಿದೀನಲ್ಲ, ಇನ್ನೇನು ವಿವರ? ನೀವೇನು ರೋಬೋಟಾ? ಎಲ್ಲರೆದುರು ಮಾತಾಡೋಕೆ ಭಯಾನಾ?’ ಎಂದು ರೇಗಿದರು. ಟೀಮ್ ಲೀಡರ್ ಕೇಳಿದರೆ, ‘ಪಬ್ಲಿಕ್‌ನಲ್ಲಿ ಜಾಸ್ತಿ ಬರೀಬೇಡ’ ಅನ್ನುತ್ತಾರೆ. ವಿವರ ಡಿಎಂಗೆ, ಅಂದರೆ ಖಾಸಗಿ ಮೆಸೇಜ್‌ಗೆ, ಹೋಗಲೇಬೇಕು ಅಂತ ನನಗೂ ಗೊತ್ತು. ಆದರೆ ಮನುಷ್ಯರು ಬರೆದ ಹಾಗೂ ಇರಬೇಕಲ್ವಾ? ಹೇಗೆ ಬರೆಯಲಿ?
— ಹುಬ್ಬಳ್ಳಿಯ ಓದುಗರು

ಉತ್ತರ: ನೀವು ಬರೆದ ಉತ್ತರವನ್ನು ಒಮ್ಮೆ ಬೇರೆ ದೂರುಗಳ ಕೆಳಗೆ ಇಟ್ಟು ನೋಡಿ. ಬಿಲ್ ಜಾಸ್ತಿ ಬಂದಿದೆ ಎಂದವರಿಗೂ ಅದು ಹೊಂದುತ್ತದೆ. ರೀಚಾರ್ಜ್ ಆಗಿಲ್ಲ ಎಂದವರಿಗೂ ಹೊಂದುತ್ತದೆ. ಊರಲ್ಲಿ ಟವರ್ ಇಲ್ಲ ಎಂದವರಿಗೂ ಹೊಂದುತ್ತದೆ. ಆ ಗ್ರಾಹಕರಿಗೆ ಸಿಟ್ಟು ಬಂದದ್ದು ಅದಕ್ಕೇ. ನಿಮ್ಮ ಮಾತು ಒರಟಾಗಿರಲಿಲ್ಲ. ಆದರೆ ಅವರು ಬರೆದದ್ದರಲ್ಲಿ ಒಂದು ಪದವೂ ನಿಮ್ಮ ಉತ್ತರಕ್ಕೆ ಬಂದಿರಲಿಲ್ಲ. ಓದಿದ್ದಾರೆ ಎಂಬ ಗುರುತೇ ಇಲ್ಲದಿದ್ದರೆ ಯಾರಿಗಾದರೂ ಯಂತ್ರದ ಜೊತೆ ಮಾತಾಡಿದ ಹಾಗೆಯೇ ಅನಿಸುತ್ತದೆ.

ಇನ್ನೂ ಎರಡು ಕೊರತೆಗಳಿವೆ. ‘ವಿವರ’ ಎಂದಿರಿ, ಯಾವ ವಿವರ ಎಂದು ಹೇಳಲಿಲ್ಲ. ಡಿಎಂಗೆ ಬನ್ನಿ ಎಂದಿರಿ, ಯಾಕೆ ಎಂದು ಹೇಳಲಿಲ್ಲ. ಕಾರಣ ಹೇಳದೆ ಪಕ್ಕಕ್ಕೆ ಕರೆದರೆ ಮುಚ್ಚಿಡಲು ಕರೆಯುತ್ತಿದ್ದಾರೆ ಎಂದೇ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಪೇಜ್‌ಗಳಲ್ಲಿ ಡಿಎಂಗೆ ಹೋದ ಮೇಲೆ ಮಾತೇ ನಿಂತುಹೋಗುವುದನ್ನು ಅವರು ನೋಡಿದ್ದಾರೆ. ಹಾಗಾಗಿ ಆ ಅನುಮಾನವನ್ನು ತಪ್ಪು ಅನ್ನಲಾಗದು.

ನಿಮ್ಮ ಟೀಮ್ ಲೀಡರ್ ಹೇಳುವುದರಲ್ಲೂ ಅರ್ಥವಿದೆ. ಎಲ್ಲರೆದುರು ಬರೆಯಬಾರದ ಸಂಗತಿಗಳು ನಿಜವಾಗಿಯೂ ಇವೆ. ಆದರೆ ಅದರ ಅರ್ಥ ಏನೂ ಬರೆಯಬಾರದು ಎಂದಲ್ಲ. ಒಂದು ಟೆಲಿಕಾಂ ಕಂಪನಿಯ ಸೋಷಿಯಲ್ ಮೀಡಿಯಾ ಡೆಸ್ಕ್ ನೋಡಿಕೊಂಡವನು, ಈಗ ಇದೇ ಕೆಲಸಕ್ಕೆ ಹೊಸಬರನ್ನು ತಯಾರು ಮಾಡುವವನು ನಾನು. ಅವರಿಗೆ ಮೊದಲ ದಿನವೇ ಹೇಳುವುದು ಇಷ್ಟು: ಆ ವ್ಯಕ್ತಿ ಯಾರು ಎಂದು ತೋರಿಸುವುದು ಮಾತ್ರ ಡಿಎಂಗೆ ಹೋಗಲಿ. ತೊಂದರೆ ಏನು ಎಂದು ನಮಗೆ ಅರ್ಥವಾಗಿದೆ, ಈಗ ಏನು ಮಾಡುತ್ತೇವೆ, ಯಾವಾಗ ತಿಳಿಸುತ್ತೇವೆ ಎನ್ನುವುದೆಲ್ಲ ಎಲ್ಲರೆದುರೇ ಇರಲಿ.

ನಂಬರ್ ಎಲ್ಲರಿಗೂ ಕಂಡರೆ ಆಗುವುದೇನು

‘ನಂಬರ್ ತಾನೇ, ಅದರಲ್ಲೇನಿದೆ’ ಎಂದು ಗ್ರಾಹಕರು ಕೇಳುತ್ತಾರೆ. ಬರೀ ನಂಬರ್‌ನಿಂದ ಯಾರೂ ಬ್ಯಾಂಕ್ ಖಾತೆ ಖಾಲಿ ಮಾಡಲಾರರು, ನಿಜ. ಆದರೆ ನಂಬರ್ ಜೊತೆ ದೂರೂ ಸಿಕ್ಕರೆ ವಂಚಕರ ಕೆಲಸ ಸುಲಭವಾಗುತ್ತದೆ.

ಟೆಲಿಕಾಂ ಮತ್ತು ಬ್ಯಾಂಕ್‌ಗಳ ಹೆಸರು ಹುಡುಕುತ್ತಾ, ಯಾರು ದೂರು ಹೇಳುತ್ತಿದ್ದಾರೆ ಎಂದು ಕಾಯುವ ಖಾತೆಗಳಿವೆ. ಅವುಗಳ ಪ್ರೊಫೈಲ್‌ನಲ್ಲಿ ಕಂಪನಿಯದೇ ಲೋಗೋ ಇರುತ್ತದೆ. ಹೆಸರಿನ ಕೊನೆಗೆ ಕೇರ್ ಅಥವಾ ಹೆಲ್ಪ್ ಎಂದು ಸೇರಿಸಿರುತ್ತಾರೆ. ನೀವು ಉತ್ತರ ಟೈಪ್ ಮಾಡುವಷ್ಟರಲ್ಲಿ ಅವರ ಉತ್ತರ ಬಂದಿರುತ್ತದೆ: ‘ಈ ನಂಬರ್‌ಗೆ ಕರೆ ಮಾಡಿ’ ಅಥವಾ ‘ಈ ಫಾರ್ಮ್ ತುಂಬಿ’. ಗ್ರಾಹಕರ ನಂಬರ್ ಅಲ್ಲೇ ಇದ್ದರೆ ಇನ್ನೂ ಸುಲಭ, ವಂಚಕರೇ ಕರೆ ಮಾಡುತ್ತಾರೆ. ‘ಸರ್, ಬೆಳಿಗ್ಗೆಯಿಂದ ನಿಮ್ಮ ಸಿಮ್ ಕೆಲಸ ಮಾಡುತ್ತಿಲ್ಲ ಅಂತ ದೂರು ಬಂದಿದೆ’ ಎಂದು ಶುರು ಮಾಡಿದರೆ ಯಾರು ನಂಬುವುದಿಲ್ಲ ಹೇಳಿ? ಆಮೇಲೆ ಒಂದು ಆ್ಯಪ್ ಹಾಕಿಸುತ್ತಾರೆ. ಅದರಿಂದ ಫೋನಿನ ಸ್ಕ್ರೀನ್ ಅವರಿಗೆ ಕಾಣುತ್ತದೆ. ಇಲ್ಲವೇ ‘ಪರಿಶೀಲನೆಗೆ 10 ರೂಪಾಯಿ ಕಟ್ಟಿ’ ಎಂದು ಲಿಂಕ್ ಕೊಡುತ್ತಾರೆ.

ಇದೇ ಕಾರಣಕ್ಕೆ ದೂರು ದಾಖಲಾದಾಗ ಸಿಗುವ ಡಾಕೆಟ್ ನಂಬರನ್ನೂ ಎಲ್ಲರೆದುರು ಬರೆಯಬೇಡಿ. ಅದನ್ನು ಓದಿ ಹೇಳುವ ವಂಚಕ ಕಂಪನಿಯವನ ಹಾಗೆಯೇ ಕೇಳಿಸುತ್ತಾನೆ.

ಇನ್ನೊಂದು ಅಪಾಯ ನಮ್ಮ ಉತ್ತರದಿಂದಲೇ ಬರುತ್ತದೆ. ಪೋಸ್ಟ್ ಹಾಕಿದವರೇ ಆ ನಂಬರಿನ ಮಾಲೀಕರು ಎಂದು ನಿಮಗೆ ಹೇಗೆ ಗೊತ್ತು? ಗಂಡನೊಬ್ಬ ಹೆಂಡತಿಯ ನಂಬರ್ ಹಾಕಿ, ‘ಇದು ಯಾಕೆ ಸ್ವಿಚ್ ಆಫ್ ಬರ್ತಿದೆ’ ಎಂದು ಕೇಳಬಹುದು. ಆಕೆ ಅವನಿಂದ ದೂರ ಇರಲು ಸಿಮ್ ಬದಲಿಸಿರಬಹುದು. ನೀವು ಒಳ್ಳೆಯ ಮನಸ್ಸಿನಿಂದ, ‘ಈ ನಂಬರ್ ನಿನ್ನೆ ಬೇರೆ ಕಂಪನಿಗೆ ಪೋರ್ಟ್ ಆಗಿದೆ’ ಎಂದು ಬರೆದುಬಿಟ್ಟರೆ ಹೇಳಬಾರದ್ದನ್ನು ಹೇಳಿದ ಹಾಗಾಯಿತು. ಬಾಕಿ ಎಷ್ಟಿದೆ, ವ್ಯಾಲಿಡಿಟಿ ಯಾವಾಗ ಮುಗಿಯಿತು, ಯಾವ ಪ್ಲಾನ್, ಕೊನೆಗೆ ಆ ನಂಬರ್ ನಮ್ಮದೇ ಕಂಪನಿಯದು ಎನ್ನುವುದನ್ನೂ ಮಾಲೀಕರು ಯಾರು ಎಂದು ಖಾತ್ರಿಯಾಗುವವರೆಗೆ ಹೇಳುವ ಹಾಗಿಲ್ಲ.

ಇದನ್ನೆಲ್ಲ ಗ್ರಾಹಕರಿಗೆ ಉದ್ದವಾಗಿ ವಿವರಿಸಬೇಕಿಲ್ಲ. ‘ನಿಮ್ಮ ನಂಬರ್ ನೋಡಿ ಬೇರೆ ಯಾರಾದರೂ ನಮ್ಮ ಹೆಸರಲ್ಲಿ ಕರೆ ಮಾಡಬಹುದು, ಅದಕ್ಕೆ ಡಿಎಂ ಕೇಳುತ್ತಿದ್ದೇವೆ’ ಎಂದರೆ ಸಾಕು. ಹೀಗೆ ಕಾರಣ ಹೇಳಿದರೆ ರೇಗುವವರು ಕಡಿಮೆ.

ಎಲ್ಲ ದೂರಿಗೂ ಡಿಎಂ ಬೇಡ

ಶಿರಸಿಯ ಕಡೆಯ ಒಂದು ಹಳ್ಳಿಯಿಂದ, ‘ಎರಡು ದಿನದಿಂದ ಊರಿಗೇ ನೆಟ್‌ವರ್ಕ್ ಇಲ್ಲ’ ಎಂದು ಪೋಸ್ಟ್ ಬಂತು ಎಂದುಕೊಳ್ಳಿ. ಇಲ್ಲಿ ಡಿಎಂಗೆ ಕರೆಯಬೇಕಾದ್ದು ಏನೂ ಇಲ್ಲ. ಊರಿನ ಹೆಸರು ಮತ್ತು ಪಿನ್‌ಕೋಡ್ ಗುಟ್ಟಲ್ಲ. ಮಳೆಗಾಲದಲ್ಲಿ ಮಲೆನಾಡಿನ ಟವರ್‌ಗಳು ಕೆಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಕರೆಂಟ್ ಹೋಗಿ ಬ್ಯಾಟರಿ ಮುಗಿದಿರುತ್ತದೆ, ಜನರೇಟರ್‌ಗೆ ಡೀಸೆಲ್ ತಲುಪಿರುವುದಿಲ್ಲ. ಇಲ್ಲವೇ ಮರ ಬಿದ್ದೋ ರಸ್ತೆ ಅಗೆದೋ ಫೈಬರ್ ಕೇಬಲ್ ತುಂಡಾಗಿರುತ್ತದೆ. ನೆಟ್‌ವರ್ಕ್ ತಂಡವನ್ನು ಕೇಳಿ, ಯಾವುದು ಎಂದು ತಿಳಿದುಕೊಂಡು ಎಲ್ಲರೆದುರೇ ಬರೆಯಿರಿ. ಆ ಊರಿನ ಇನ್ನೂ ಹತ್ತಾರು ಜನ ಅದನ್ನು ಓದುತ್ತಾರೆ, ಮತ್ತೆ ದೂರು ಹಾಕುವುದು ತಪ್ಪುತ್ತದೆ.

ಆ ಪೋಸ್ಟ್‌ಗೂ ‘ವಿವರಗಳನ್ನು ಡಿಎಂ ಮಾಡಿ’ ಎಂದು ಬರೆದರೆ ಮುಚ್ಚಿಡುತ್ತಿದ್ದಾರೆ ಎಂಬ ಮಾತು ನಿಜವೇ ಆಗುತ್ತದೆ. ಬೇಡದ ಕಡೆಯೆಲ್ಲ ಡಿಎಂ ಕೇಳಿದ್ದರಿಂದಲೇ, ಬೇಕಾದ ಕಡೆ ಕೇಳಿದಾಗ ಜನ ನಂಬುವುದಿಲ್ಲ. ನನ್ನ ಅನುಭವದಲ್ಲಿ ಇಡೀ ತೊಂದರೆಯ ಬೇರು ಇಲ್ಲಿದೆ.

ಕಾಲರ್ ಟ್ಯೂನ್‌ನಂಥ ಸೇವೆಗೆ ದುಡ್ಡು ಕಡಿತವಾಗಿದೆ ಎಂಬ ದೂರಿಗೂ ಅರ್ಧ ಉತ್ತರ ಬಹಿರಂಗವಾಗಿಯೇ ಕೊಡಬಹುದು. ಇಂಥ ಸೇವೆ ನಿಲ್ಲಿಸಲು 155223 ಎಂಬ ನಂಬರ್ ಇದೆ. ಅದನ್ನು ಅಲ್ಲೇ ಬರೆಯಿರಿ. ಯಾವ ದಿನ ಎಷ್ಟು ಕಡಿತವಾಯಿತು, ವಾಪಸ್ ಬರುತ್ತದಾ ಎನ್ನುವುದನ್ನು ಡಿಎಂನಲ್ಲಿ ನೋಡಿ.

ನಿಮ್ಮದೇ ದೂರನ್ನು ತೆಗೆದುಕೊಳ್ಳೋಣ

‘ಮನೆಯವರೆಲ್ಲರ ಫೋನ್ ಸರಿ ಇದೆ’ ಎಂದು ಅವರು ಬರೆದಿದ್ದಾರಲ್ಲ, ಆ ಒಂದು ವಾಕ್ಯದಲ್ಲೇ ಬಹಳ ಇದೆ. ಮನೆಯವರದ್ದೂ ಇದೇ ಕಂಪನಿಯ ಸಿಮ್ ಆಗಿದ್ದರೆ ಟವರ್ ಸರಿ ಇದೆ ಎಂದಾಯಿತು. ಉಳಿದದ್ದು ಕೆಲವೇ ಕಾರಣಗಳು. ಸಿಮ್ ಕಾರ್ಡ್ ಕೆಟ್ಟಿರಬಹುದು ಅಥವಾ ಅಲುಗಿರಬಹುದು. ವ್ಯಾಲಿಡಿಟಿ ಮುಗಿದಿರಬಹುದು, ಬಿಲ್ ಬಾಕಿಯಿಂದ ಸೇವೆ ನಿಂತಿರಬಹುದು. ನಂಬರ್ ಪೋರ್ಟ್ ಆಗಿರಬಹುದು. ಕೊನೆಯ ಕಾರಣ ಎಲ್ಲಕ್ಕಿಂತ ಅಪಾಯದ್ದು: ಬೇರೆ ಯಾರೋ ಅವರ ಹೆಸರಿನಲ್ಲಿ ಹೊಸ ಸಿಮ್ ತೆಗೆಸಿಕೊಂಡಿರಬಹುದು. ಹೊಸ ಸಿಮ್ ಚಾಲೂ ಆದ ಕೂಡಲೇ ಹಳೆಯದು ಸಾಯುತ್ತದೆ. ಆಮೇಲೆ ಬ್ಯಾಂಕಿನ ಒಟಿಪಿ ಹೋಗುವುದು ಹೊಸ ಸಿಮ್‌ಗೆ.

ಹಾಗಾಗಿ ‘ಇದ್ದಕ್ಕಿದ್ದಂತೆ ಸಿಮ್ ಸತ್ತಿತು, ಬೇರೆಯವರ ಫೋನ್ ಸರಿ ಇದೆ’ ಎಂಬ ದೂರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರ್‌ಗೆ ಎಸ್‌ಎಂಎಸ್ ನಿಲ್ಲಿಸಬೇಕು ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದೆ. ಮಾಲೀಕರು ಎಚ್ಚೆತ್ತುಕೊಳ್ಳಲು ಸಿಗಲಿ ಎಂದೇ ಆ ಸಮಯ. ‘ವಿಷಾದಿಸುತ್ತೇವೆ, ಡಿಎಂ ಮಾಡಿ’ ಎಂದು ಬರೆದು, ಅವರು ಸಿಟ್ಟಾಗಿ, ನೀವು ಮತ್ತೆ ಅದನ್ನೇ ಬರೆದು ಅರ್ಧ ದಿನ ಹೋದರೆ ಆ 24 ಗಂಟೆಯಲ್ಲಿ ಅರ್ಧ ಮುಗಿದಂತೆ. ಕರೆಯಲ್ಲಿ ಬರುವ ಒಟಿಪಿಯನ್ನು ಎಸ್‌ಎಂಎಸ್ ತಡೆ ನಿಲ್ಲಿಸುವುದಿಲ್ಲ ಎನ್ನುವುದೂ ನೆನಪಿರಲಿ.

ನಾನಾಗಿದ್ದರೆ ಮೊದಲ ಉತ್ತರವನ್ನು ಹೀಗೆ ಬರೆಯುತ್ತಿದ್ದೆ. ಗ್ರಾಹಕರ ಹೆಸರು ಮಂಜುನಾಥ್, ನಿಮ್ಮದು ಸುಧಾ ಎಂದಿಟ್ಟುಕೊಳ್ಳೋಣ.

> ಮಂಜುನಾಥ್ ಅವರೇ, ಮನೆಯವರ ಫೋನ್ ಸರಿ ಇದ್ದು ನಿಮ್ಮದು ಮಾತ್ರ ಬೆಳಿಗ್ಗೆಯಿಂದ ಸತ್ತಿದೆ ಅಂದರೆ ಟವರ್‌ಗಿಂತ ನಿಮ್ಮ ಸಿಮ್‌ನಲ್ಲೇ ಏನೋ ಆಗಿರಬಹುದು. ಇದನ್ನು ಈಗಲೇ ನೋಡಬೇಕು. ನಿಮ್ಮ ನಂಬರ್ ಮತ್ತು ಈಗ ಸಿಗುವ ಇನ್ನೊಂದು ನಂಬರನ್ನು ಕೆಳಗಿನ ಬಟನ್ ಒತ್ತಿ ಕಳಿಸಿ. – ಸುಧಾ

> ಪೋಸ್ಟ್‌ನಲ್ಲಿ ನಂಬರ್ ಇದ್ದರೆ ಬೇರೆಯವರು ನಮ್ಮ ಹೆಸರಲ್ಲಿ ಕರೆ ಮಾಡಬಹುದು. ಅದಷ್ಟನ್ನು ತೆಗೆದುಬಿಡಿ, ದೂರು ಹಾಗೇ ಇರಲಿ. ನಾವು ಒಟಿಪಿ ಕೇಳುವುದಿಲ್ಲ, ಆ್ಯಪ್ ಹಾಕಿ ಅನ್ನುವುದಿಲ್ಲ. – ಸುಧಾ

ಎರಡು ಭಾಗ ಮಾಡಿದ್ದಕ್ಕೆ ಕಾರಣವಿದೆ. ಎಕ್ಸ್‌ನ ಸಾಮಾನ್ಯ ಖಾತೆಯಲ್ಲಿ ಒಂದು ಪೋಸ್ಟ್‌ಗೆ 280 ಅಕ್ಷರದ ಮಿತಿ. ಕನ್ನಡದ ಕೊಂಬು, ದೀರ್ಘ, ಒತ್ತುಗಳೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ನಮಗೆ ಜಾಗ ಬೇಗ ಮುಗಿಯುತ್ತದೆ. ಆ ಇಕ್ಕಟ್ಟಿನಲ್ಲಿ ‘ಅನಾನುಕೂಲಕ್ಕೆ ವಿಷಾದ’ ಎಂದು ಒಂದು ಸಾಲು ಹಾಕಿದರೆ ಬೇಕಾದ ಮಾತಿಗೇ ಜಾಗ ಇರುವುದಿಲ್ಲ. ಇಲ್ಲಿ ಕ್ಷಮೆ ಕೇಳದಿರುವುದನ್ನು ಗಮನಿಸಿ. ತಪ್ಪು ನಮ್ಮದಾ, ಸಿಮ್‌ನದಾ, ಕಳ್ಳರದಾ ಎಂದು ಇನ್ನೂ ಗೊತ್ತಿಲ್ಲ. ಗೊತ್ತಾದ ಮೇಲೆ ಆ ತಪ್ಪಿನ ಹೆಸರು ಹೇಳಿ ಕ್ಷಮೆ ಕೇಳಿ. ಆಗ ಅದಕ್ಕೆ ಬೆಲೆ ಇರುತ್ತದೆ.

ಬಟನ್ ಬಗ್ಗೆ ಒಂದು ಮಾತು. ಎಕ್ಸ್‌ನಲ್ಲಿ ಗ್ರಾಹಕರು ಡಿಎಂ ಮುಚ್ಚಿಟ್ಟಿದ್ದರೆ ನೀವೇ ಮೊದಲು ಮೆಸೇಜ್ ಕಳಿಸಲಾಗದು. ಅವರಿಂದಲೇ ಶುರುವಾಗಬೇಕು. ಉತ್ತರದ ಕೆಳಗೆ ಖಾಸಗಿ ಮೆಸೇಜ್‌ನ ಬಟನ್ ಬರುವಂತೆ ಲಿಂಕ್ ಸೇರಿಸುವ ಸೌಲಭ್ಯವಿದೆ. ಅದನ್ನು ಬಿಡಬೇಡಿ. ಬಟನ್ ಇಲ್ಲದಿದ್ದರೆ ಗ್ರಾಹಕರು ನಮ್ಮ ಹೆಸರು ಹುಡುಕಲು ಹೋಗಿ ನಕಲಿ ಖಾತೆಗೇ ಮೆಸೇಜ್ ಮಾಡುವುದುಂಟು.

ನಂಬರ್ ತೆಗೆಯುವ ವಿಷಯವೂ ಎರಡು ಕಡೆ ಒಂದೇ ರೀತಿ ಇಲ್ಲ. ಫೇಸ್‌ಬುಕ್‌ನಲ್ಲಿ ಬರೆದದ್ದನ್ನು ತಿದ್ದಬಹುದು. ಎಕ್ಸ್‌ನಲ್ಲಿ ದುಡ್ಡು ಕಟ್ಟಿದ ಖಾತೆಗಳಿಗಷ್ಟೇ ತಿದ್ದುವ ಅವಕಾಶ. ಉಳಿದವರು ಇಡೀ ಪೋಸ್ಟ್ ಅಳಿಸಿ ಮತ್ತೆ ಹಾಕಬೇಕು. ಅಂಥವರಿಗೆ ಹೀಗೆ ಬರೆಯಿರಿ: ‘ನಂಬರ್ ಬಿಟ್ಟು ದೂರನ್ನು ಮತ್ತೆ ಹಾಕಿ, ನಮ್ಮನ್ನು ಟ್ಯಾಗ್ ಮಾಡಿ, ಅದಕ್ಕೂ ನಾನೇ ಉತ್ತರಿಸುತ್ತೇನೆ’. ಸುಮ್ನೆ ‘ಪೋಸ್ಟ್ ಡಿಲೀಟ್ ಮಾಡಿ’ ಎಂದರೆ ಕಂಪನಿ ದೂರನ್ನೇ ಅಳಿಸಲು ಹೇಳಿತು ಎಂದು ಸ್ಕ್ರೀನ್‌ಶಾಟ್ ಓಡಾಡುತ್ತದೆ. ಹಾಗೆ ಓಡಾಡಿದರೆ ತಪ್ಪು ನಮ್ಮದೇ. ನಮ್ಮ ಫೇಸ್‌ಬುಕ್ ಪೋಸ್ಟ್‌ನ ಕೆಳಗೆ ಅವರು ನಂಬರ್ ಬರೆದಿದ್ದರೆ ಆ ಕಾಮೆಂಟನ್ನು ನೀವೇ ಮರೆ ಮಾಡಬಹುದು. ಆದರೆ ಹಾಗೆ ಮಾಡಿದ್ದನ್ನೂ ಯಾಕೆ ಮಾಡಿದೆವು ಎನ್ನುವುದನ್ನೂ ಅವರಿಗೆ ಹೇಳಿ.

ಉತ್ತರ ಹಾಕಿದ ಮೇಲೆ ಒಮ್ಮೆ ಕೆಳಗೆ ಇಳಿದು ನೋಡಿ. ನಕಲಿ ಖಾತೆಯ ಉತ್ತರ ಇದ್ದರೆ ರಿಪೋರ್ಟ್ ಮಾಡಿ. ಅದು ಹೋಗುವವರೆಗೆ ಕಾಯದೆ, ‘ಮೇಲಿನ ನಂಬರ್ ನಮ್ಮದಲ್ಲ, ಕರೆ ಮಾಡಬೇಡಿ’ ಎಂದು ಅಲ್ಲೇ ಬರೆಯಿರಿ. ನೀಲಿ ಟಿಕ್ ಇದೆ ಎಂದು ಗ್ರಾಹಕರು ನಂಬಿರಬಹುದು. ಆ ಟಿಕ್ ಈಗ ದುಡ್ಡಿಗೆ ಸಿಗುತ್ತದೆ.

ಡಿಎಂ ಒಳಗೆ

ಗ್ರಾಹಕರು ಬಟನ್ ಒತ್ತಿ ಬಂದರು. ಅಲ್ಲಿ ಅವರಿಗೆ ಕಾಣುವುದು, ‘ನಮಸ್ಕಾರ! ನಿಮಗೆ ಹೇಗೆ ಸಹಾಯ ಮಾಡಲಿ? ದಯವಿಟ್ಟು ನಿಮ್ಮ ಸಮಸ್ಯೆ ತಿಳಿಸಿ’ ಎಂದಾದರೆ ಹೊರಗೆ ನೀವು ಎಷ್ಟು ಚೆನ್ನಾಗಿ ಬರೆದಿದ್ದರೂ ನೀರಲ್ಲಿ ಹೋಮ. ಹೊರಗಿನ ಮಾತು ಒಳಗೆ ಮುಂದುವರಿಯಬೇಕು.

> ಮಂಜುನಾಥ್ ಅವರೇ, ನಾನು ಸುಧಾ, ಈಗ ತಾನೇ ಪೋಸ್ಟ್‌ಗೆ ಉತ್ತರಿಸಿದವಳು. ನಂಬರ್ ಸಿಕ್ಕಿತು. ಎರಡು ಪ್ರಶ್ನೆ: ನಿನ್ನೆ ಅಥವಾ ಇವತ್ತು ಹೊಸ ಸಿಮ್‌ಗಾಗಲಿ ಪೋರ್ಟ್‌ಗಾಗಲಿ ನೀವು ಕೇಳಿಕೊಂಡಿದ್ದಿರಾ? ಸಿಮ್ ನಿಮ್ಮ ಹೆಸರಿನಲ್ಲೇ ಇದೆಯಾ? ನೀವು ಉತ್ತರಿಸುವಷ್ಟರಲ್ಲಿ ನಾನು ಸಿಸ್ಟಮ್‌ನಲ್ಲಿ ನೋಡುತ್ತಿರುತ್ತೇನೆ.

ಇನ್ನೊಂದು ನಂಬರ್ ಯಾಕೆ ಕೇಳಿದೆವು ಎಂದರೆ, ಅವರ ಸಿಮ್ ಸತ್ತಿದೆ. ನಾವು ಆ ನಂಬರ್‌ಗೆ ಕರೆ ಮಾಡಲಾಗದು. ಒಟಿಪಿ ಕಳಿಸಿ ಮಾಲೀಕರನ್ನು ಗುರುತಿಸುವ ನಮ್ಮ ಮಾಮೂಲಿ ದಾರಿಯೂ ಮುಚ್ಚಿದೆ. ದೂರು ದಾಖಲಾದ ಎಸ್‌ಎಂಎಸ್ ಕೂಡ ಅದೇ ಸತ್ತ ನಂಬರ್‌ಗೆ ಹೋಗಿ ಅವರಿಗೆ ಕಾಣುವುದೇ ಇಲ್ಲ. ಡಾಕೆಟ್ ನಂಬರನ್ನು ಡಿಎಂನಲ್ಲಿ ಬರೆದೇ ಕೊಡಿ. ‘ಎಸ್‌ಎಂಎಸ್ ಬಂದಿರುತ್ತದೆ ನೋಡಿ’ ಎಂದು ಸಿಮ್ ಸತ್ತವರಿಗೆ ಹೇಳುವಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ.

ಆ 2 ಪ್ರಶ್ನೆಗೆ ಅವರು, ‘ಹೊಸ ಸಿಮ್ ಕೇಳಿಲ್ಲ’ ಎಂದು, ಸಿಸ್ಟಮ್‌ನಲ್ಲಿ ಸಿಮ್ ಬದಲಾವಣೆ ಕಂಡರೆ, ಅಲ್ಲಿಗೆ ಮಾತು ನಿಲ್ಲಿಸಿ. ವಂಚನೆ ನೋಡುವ ತಂಡಕ್ಕೆ ಒಪ್ಪಿಸಿ, ನಂಬರನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಿ. ಗ್ರಾಹಕರಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕಾದ್ದು: ‘ನೀವು ಕೇಳದ ಸಿಮ್ ಬದಲಾವಣೆ ಕಾಣುತ್ತಿದೆ. ನಂಬರ್ ನಿಲ್ಲಿಸಲು ಹೇಳಿದ್ದೇನೆ. ನೀವು ಈಗಲೇ ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ಮತ್ತು ಯುಪಿಐ ತಡೆಯಿರಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ.’ 1930 ಸೈಬರ್ ವಂಚನೆಯ ಸಹಾಯವಾಣಿ. ಬೇಗ ಕರೆ ಮಾಡಿದಷ್ಟೂ ದುಡ್ಡು ಮುಂದೆ ದಾಟುವುದನ್ನು ತಡೆಯುವ ಸಾಧ್ಯತೆ ಜಾಸ್ತಿ. ಇಲ್ಲಿ ಸಮಾಧಾನದ ಮಾತಿಗಿಂತ ಬೇಗ ಸಿಗುವ ಮಾಹಿತಿ ಮುಖ್ಯ. ಆ ಹೊತ್ತಿನಲ್ಲಿ ಮನುಷ್ಯರ ಹಾಗೆ ನಡೆದುಕೊಳ್ಳುವುದು ಎಂದರೆ ಅದೇ.

ಸಿಮ್ ಬದಲಾವಣೆ ಏನೂ ಇಲ್ಲ, ವ್ಯಾಲಿಡಿಟಿಯೂ ಇದೆ ಎಂದಾದರೆ ಗಾಬರಿ ಬೇಡ ಎಂದು ಮೊದಲು ಹೇಳಿ. ಸಿಮ್ ತೆಗೆದು ಮತ್ತೆ ಹಾಕಿಸಿ. ಅದೇ ಸಿಮ್ ಅನ್ನು ಮನೆಯ ಇನ್ನೊಂದು ಫೋನಿಗೆ ಹಾಕಿ ನೋಡಲು ಹೇಳಿ. ಅಲ್ಲೂ ಸತ್ತಿದ್ದರೆ ಕಾರ್ಡ್ ಕೆಟ್ಟಿದೆ. ಅಲ್ಲಿ ಸರಿ ಬಂದರೆ ತೊಂದರೆ ಅವರ ಫೋನಿನದು. ಕಾರ್ಡ್ ಕೆಟ್ಟಿದ್ದರೆ ಗುರುತಿನ ಚೀಟಿಯ ಜೊತೆ ಅಂಗಡಿಗೆ ಹೋಗಬೇಕು. ಹೊಸ ಸಿಮ್ ತೆಗೆದುಕೊಂಡ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, 7 ದಿನ ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು ಎನ್ನುವುದನ್ನು ಮುಂಚೆಯೇ ಹೇಳಿಬಿಡಿ. ಈ 7 ದಿನದ ನಿಯಮ 2024ರ ಜುಲೈ 1ರಿಂದ ಇದೆ. ಹೇಳದಿದ್ದರೆ ನಾಳೆ, ‘ಹೊಸ ಸಿಮ್‌ನಲ್ಲೂ ಒಟಿಪಿ ಬರ್ತಿಲ್ಲ’ ಎಂದು ಇನ್ನೊಂದು ಸಿಟ್ಟಿನ ಪೋಸ್ಟ್ ಗ್ಯಾರಂಟಿ.

ಡಿಎಂ ಖಾಸಗಿ, ಹಾಗಾಗಿ ಏನನ್ನಾದರೂ ಕೇಳಬಹುದು ಎಂಬ ತಪ್ಪು ಕಲ್ಪನೆ ನಮ್ಮವರಲ್ಲೂ ಇದೆ. ಪೇಜಿನ ಇನ್‌ಬಾಕ್ಸ್ ನಿಮ್ಮೊಬ್ಬರದ್ದಲ್ಲ. ಮೂರೂ ಪಾಳಿಯವರು ನೋಡುತ್ತಾರೆ, ಕೆಲವು ಕಡೆ ಹೊರಗಿನ ಏಜೆನ್ಸಿಯವರೂ ನೋಡುತ್ತಾರೆ. ಅಲ್ಲಿ ಬಂದ ಆಧಾರ್ ಫೋಟೋ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು ಎನ್ನುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಕೂಡ. ನಂಬರ್, ಹೆಸರು, ಇನ್ನೊಂದು ನಂಬರ್, ತೊಂದರೆ ಶುರುವಾದ ಹೊತ್ತು: ಈ ದೂರಿಗೆ ಇಷ್ಟು ಸಾಕು. ಒಟಿಪಿ, ಕಾರ್ಡ್ ನಂಬರ್, ಆಧಾರ್ ಪ್ರತಿಯನ್ನು ಚಾಟ್‌ನಲ್ಲಿ ಕೇಳಲೇಬೇಡಿ. ಗುರುತು ಖಚಿತ ಮಾಡಿಕೊಳ್ಳಲೇಬೇಕು ಎಂದರೆ ಕಂಪನಿಯ ಆ್ಯಪ್ ಅಥವಾ ಅಂಗಡಿಗೆ ಕಳಿಸಿ. ಅವರೇ ಆಧಾರ್ ಫೋಟೋ ಕಳಿಸಿದರೂ, ‘ಇದು ಬೇಡ, ಅಳಿಸಿಬಿಡಿ’ ಎಂದು ಹೇಳಿ.

ಮತ್ತೆ ಹೊರಗೆ ಬನ್ನಿ

ಹೆಚ್ಚಿನವರು ಇಲ್ಲೇ ಬಿಟ್ಟುಬಿಡುತ್ತಾರೆ. ಡಿಎಂನಲ್ಲಿ ಕೆಲಸ ನಡೆಯುತ್ತಿರುತ್ತದೆ, ಹೊರಗೆ ಪೋಸ್ಟ್ ಅನಾಥವಾಗಿ ನಿಂತಿರುತ್ತದೆ. ನೋಡಿದವರಿಗೆ ಕಂಪನಿ ಕರೆದುಕೊಂಡು ಹೋಗಿ ಸುಮ್ಮನಾಯಿತು ಅನಿಸುತ್ತದೆ. ವಿವರ ಸಿಕ್ಕ ಕೂಡಲೇ ಹೊರಗೆ ಒಂದು ಸಾಲು ಹಾಕಿ:

> ನಂಬರ್ ಸಿಕ್ಕಿತು ಮಂಜುನಾಥ್ ಅವರೇ, ದೂರು ದಾಖಲಾಗಿದೆ, ಡಾಕೆಟ್ ನಂಬರ್ ಡಿಎಂನಲ್ಲಿದೆ. ಮಧ್ಯಾಹ್ನ 3ರ ಒಳಗೆ ಅಲ್ಲೇ ತಿಳಿಸುತ್ತೇನೆ. – ಸುಧಾ

ಹೊತ್ತು ಹೇಳಿದರೆ ಅದನ್ನು ಉಳಿಸಿಕೊಳ್ಳಿ. 3 ಗಂಟೆಗೆ ಏನೂ ಗೊತ್ತಾಗದಿದ್ದರೂ, ‘ಇನ್ನೂ ಗೊತ್ತಾಗಿಲ್ಲ, 5ಕ್ಕೆ ಮತ್ತೆ ಬರೆಯುತ್ತೇನೆ’ ಎಂದು ಬರೆಯಿರಿ. ‘ಆದಷ್ಟು ಬೇಗ’ ಎಂದು ಬರೆದರೆ ಅವರು ಏನನ್ನು ಕಾಯಬೇಕು? ಫೇಸ್‌ಬುಕ್ ಮೆಸೆಂಜರ್‌ನಲ್ಲಿ ಇನ್ನೊಂದು ಕಟ್ಟು ಇದೆ. ಗ್ರಾಹಕರ ಕೊನೆಯ ಮೆಸೇಜ್‌ನಿಂದ ಸಾಮಾನ್ಯವಾಗಿ 24 ಗಂಟೆಯವರೆಗಷ್ಟೇ ಪೇಜ್ ಸಲೀಸಾಗಿ ಉತ್ತರ ಕಳಿಸಬಹುದು. ಕೆಲಸ ಅದಕ್ಕಿಂತ ತಡವಾಗುವ ಹಾಗಿದ್ದರೆ ಇನ್ನೊಂದು ನಂಬರ್‌ಗೆ ಕರೆ ಮಾಡುತ್ತೇವೆ ಎಂದು ಮುಂಚೆಯೇ ಹೇಳಿಡಿ.

ಕೆಲಸ ಆದ ಮೇಲೆ, ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ’ ಎಂದು ನೀವೇ ಘೋಷಿಸಬೇಡಿ. ‘ಈಗ ಸಿಗ್ನಲ್ ಬಂತಾ?’ ಎಂದು ಡಿಎಂನಲ್ಲಿ ಕೇಳಿ. ಬಂತು ಎಂದರೆ ಹೊರಗೆ ಅಷ್ಟೇ ಬರೆಯಿರಿ. ಯಾಕೆ ಹೋಗಿತ್ತು, ಏನು ಮಾಡಿದಿರಿ ಎನ್ನುವುದು ಅವರ ವಿಷಯ. ಅವರೇ ಎಲ್ಲರೆದುರು ಹೇಳಿದರೆ ಹೇಳಲಿ.

ಡಿಎಂಗೆ ಬರುವುದೇ ಇಲ್ಲ ಎಂದರೆ

ಕೆಲವರು, ‘ಏನಿದ್ದರೂ ಇಲ್ಲೇ ಹೇಳಿ’ ಎಂದು ಪಟ್ಟು ಹಿಡಿಯುತ್ತಾರೆ. ಅದು ಅವರ ಹಕ್ಕು. ಮೂರನೇ ಸಲ ಡಿಎಂ ಕೇಳಬೇಡಿ, ಬೇರೆ ದಾರಿ ಕೊಡಿ. ಮನೆಯಲ್ಲಿ ಇದೇ ಕಂಪನಿಯ ಇನ್ನೊಂದು ಸಿಮ್ ಇದ್ದರೆ ಅದರಿಂದ 198ಕ್ಕೆ ಕರೆ ಮಾಡಿ ದೂರು ಕೊಡಬಹುದು. ಪೋಸ್ಟ್ ಹಾಕಿದ ಮಾತ್ರಕ್ಕೆ ದೂರು ದಾಖಲಾದಂತೆ ಆಗುವುದಿಲ್ಲ, ಡಾಕೆಟ್ ನಂಬರ್ ಪಡೆಯಿರಿ ಎಂದು ತಿಳಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಆ ದೂರಿಗೆ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದ ಒಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಮೇಲ್ಮನವಿ 39 ದಿನದಲ್ಲಿ ತೀರ್ಮಾನ ಆಗಬೇಕು. ಕಂಪನಿಯ ಪೇಜಿನಲ್ಲೇ ಇದನ್ನು ಬರೆಯಲು ನಿಮ್ಮವರು ಹಿಂಜರಿಯಬಹುದು. ಆದರೆ ಎಲ್ಲರೆದುರು ಮೇಲ್ಮನವಿಯ ದಾರಿ ತೋರಿಸಿದ ಕಂಪನಿ ಮುಚ್ಚಿಡುತ್ತಿದೆ ಎಂದು ಯಾರೂ ಹೇಳಲಾರರು.

ಬೈಗುಳಕ್ಕೆ ಉತ್ತರ ಕೊಡಬೇಕಿಲ್ಲ. ಬೈಗುಳದ ನಡುವೆ ದೂರು ಇದ್ದರೆ ದೂರಿಗೆ ಮಾತ್ರ ಉತ್ತರಿಸಿ. ‘ರೋಬೋಟಾ ನೀವು’ ಎಂದರೆ ‘ನಾನು ಮನುಷ್ಯಳೇ’ ಎಂದು ವಾದಕ್ಕೆ ಇಳಿಯಬೇಡಿ. ಮುಂದಿನ ಸಾಲಿನಲ್ಲಿ ಅವರ ದೂರಿನ ಒಂದು ವಿವರ ಎತ್ತಿಕೊಂಡು ಕೆಲಸದ ಮಾತಾಡಿ.

ಟೀಮ್ ಲೀಡರ್‌ಗೆ ಹೇಗೆ ಹೇಳುವುದು

ಟೆಂಪ್ಲೇಟ್ ಬೇಡವೇ ಬೇಡ ಎಂದು ಹೇಳಲು ಹೋಗಬೇಡಿ, ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಒಟಿಪಿ ಕೇಳುವುದಿಲ್ಲ ಎನ್ನುವ ಸಾಲು, ನಂಬರ್ ತೆಗೆಯಿರಿ ಎನ್ನುವ ಸಾಲು, 155223, 198, 1930 ಇವೆಲ್ಲ ಎಲ್ಲರಿಗೂ ಒಂದೇ ಥರ ಇರುವುದೇ ಒಳ್ಳೆಯದು. ಆತುರದಲ್ಲಿ ಒಂದು ಅಂಕಿ ತಪ್ಪಿದರೆ ಕಷ್ಟ. ಮೊದಲ ವಾಕ್ಯವನ್ನು ಮಾತ್ರ ಕೈಯಿಂದಲೇ ಬರೆಯಲು ಬಿಡಿ ಎಂದು ಕೇಳಿ. ದೂರಿನ ಒಂದು ವಿವರ ಅದರಲ್ಲಿ ಇರಲೇಬೇಕು. ಒಂದು ವಾರ ಹೀಗೆ ಮಾಡಿ, ಡಿಎಂ ಕೇಳಿದವರಲ್ಲಿ ಎಷ್ಟು ಜನ ನಿಜವಾಗಿ ಬಂದರು, ಎಷ್ಟು ಜನ ಅದೇ ದೂರನ್ನು ಮತ್ತೆ ಹಾಕಿದರು ಎಂದು ಹಳೆಯ ವಾರದ ಜೊತೆ ಇಟ್ಟು ತೋರಿಸಿ. ನಿಮ್ಮ ಟೀಮ್ ಲೀಡರ್‌ಗೆ ಬೇಕಾದ ಲೆಕ್ಕ ಅದೇ.

ಹೆಸರು ಹಾಕುವುದರಲ್ಲಿ ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ಪೂರ್ತಿ ಹೆಸರು ಹಾಕಿದರೆ ಸಿಟ್ಟಾದವರು ನಿಮ್ಮ ಸ್ವಂತ ಖಾತೆ ಹುಡುಕಿ ಅಲ್ಲಿಗೇ ಬರುವುದುಂಟು, ಹೆಣ್ಣುಮಕ್ಕಳಿಗೆ ಇದು ಜಾಸ್ತಿ. ಮೊದಲ ಹೆಸರು ಅಥವಾ ಕೆಲಸಕ್ಕೆ ಇಟ್ಟುಕೊಂಡ ಹೆಸರು ಸಾಕು. ಎರಡೂ ಕಡೆ ಅದೇ ಹೆಸರು ಇದ್ದರೆ ಒಬ್ಬರೇ ನೋಡುತ್ತಿದ್ದಾರೆ ಎಂದು ಗ್ರಾಹಕರಿಗೆ ತಿಳಿಯುತ್ತದೆ. ಪ್ರೊಫೈಲ್‌ನ ಹೆಸರಿನಿಂದ ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ಸರ್, ಮೇಡಂ ಬಿಟ್ಟು ಹೆಸರಿನ ಜೊತೆ ‘ಅವರೇ’ ಎನ್ನಿ.

ಪಾಳಿ ಮುಗಿಸಿ ಏಳುವಾಗ ದೂರಿನ ಟಿಪ್ಪಣಿಯಲ್ಲಿ ಬರೀ ‘ಡಿಎಂ ಕೇಳಲಾಗಿದೆ’ ಎಂದು ಬರೆಯಬೇಡಿ. ಮುಂದಿನವರು ಅದನ್ನು ಓದಿ ಗ್ರಾಹಕರಿಗೆ ಎಲ್ಲವನ್ನೂ ಮತ್ತೆ ಕೇಳುತ್ತಾರೆ. ‘ಸಿಮ್ ಬದಲಾವಣೆ ಇಲ್ಲ, ವ್ಯಾಲಿಡಿಟಿ ಇದೆ, ಬೇರೆ ಫೋನಿನಲ್ಲೂ ಸತ್ತಿದೆ, ಸಂಜೆ 6ಕ್ಕೆ ಅಂಗಡಿಗೆ ಹೋಗುತ್ತಾರೆ, 7ಕ್ಕೆ ಇನ್ನೊಂದು ನಂಬರ್‌ಗೆ ಕರೆ ಮಾಡಿ ಕೇಳುವುದು’ ಎಂದು ಬರೆದಿಡಿ. ಆಗ ರಾತ್ರಿ ಪಾಳಿಯವರು ಗ್ರಾಹಕರಿಗೆ ಬರೆಯುವ ಮೊದಲ ಸಾಲು, ‘ಅಂಗಡಿಯಲ್ಲಿ ಹೊಸ ಸಿಮ್ ಸಿಕ್ಕಿತಾ?’ ಎಂದಾಗಿರುತ್ತದೆ.